ಸಂಬಳ ತಡವಾದಾಗ: ನೆನಪೋಲೆಯಿಂದ ಕ್ಲೇಮು ಅರ್ಜಿಯವರೆಗೆ

ಪ್ರಶ್ನೆ: ಎಚ್‌ಎಸ್‌ಆರ್ ಲೇಔಟ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ವರ್ಷದಿಂದ ಟೆಸ್ಟಿಂಗ್ ಕೆಲಸ ಮಾಡ್ತಿದ್ದೀನಿ. ಸುಮಾರು ನಲವತ್ತು ಜನ ಇದ್ದೇವೆ. ಕೈಗೆ ಬರೋದು ತಿಂಗಳಿಗೆ 44,000. ಏಪ್ರಿಲ್ ಸಂಬಳ ಬರಲೇ ಇಲ್ಲ. ಮೇ ತಿಂಗಳದ್ದರಲ್ಲಿ 20,000 ಮಾತ್ರ ಜೂನ್ 28ಕ್ಕೆ ಹಾಕಿದರು. ಜೂನ್ ಸಂಬಳವೂ ಇಲ್ಲ. ಆದರೆ ಪೇಸ್ಲಿಪ್ ಮಾತ್ರ ತಪ್ಪದೆ ಬರುತ್ತಿದೆ! ಕೇಳಿದರೆ "ಫಂಡಿಂಗ್ ಬರ್ತಿದೆ, ಇನ್ನೆರಡು ವಾರ" ಅಂತಾರೆ. ಲೇಬರ್ ಆಫೀಸು ಫ್ಯಾಕ್ಟರಿಯವರಿಗೆ, ನಮ್ಮಂಥವರಿಗಲ್ಲ ಅಂತ ಗೆಳೆಯರು ಹೇಳ್ತಾರೆ. ಜೋರು ಮಾಡಿದರೆ ರಿಲೀವಿಂಗ್ ಲೆಟರ್ ಕೊಡಲ್ಲ ಅನ್ನೋ ಭಯ. ರಾಜೀನಾಮೆ ಕೊಡಲಾ, ಪೊಲೀಸರ ಹತ್ತಿರ ಹೋಗಲಾ, ಇನ್ನೂ ಕಾಯಲಾ?

ಉತ್ತರ: ನಿಮ್ಮ ಗೆಳೆಯರ ಮಾತಿನಿಂದಲೇ ಶುರು ಮಾಡೋಣ. ಅದರಲ್ಲಿ ಮೊದಲು ಸ್ವಲ್ಪ ನಿಜ ಇತ್ತು. 1936ರ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಅದಕ್ಕಿಂತ ಜಾಸ್ತಿ ಪಡೆಯುವವರನ್ನು ಕಚೇರಿಯ ಬಾಗಿಲಲ್ಲೇ "ನೀವು ಕೋರ್ಟಿಗೆ ಹೋಗಿ" ಎಂದು ವಾಪಸು ಕಳಿಸುವುದು ಮಾಮೂಲಾಗಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ ವೇತನ ಸಂಹಿತೆ, 2019 ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಸಂಬಳ ಕೊಡುವ ವಿಷಯದಲ್ಲಿ ಅದಕ್ಕೆ ಮೊತ್ತದ ಮಿತಿ ಇಲ್ಲ. "ಉದ್ಯೋಗಿ" ಎನ್ನುವುದರಲ್ಲಿ ಕೂಲಿ ಕೆಲಸದವರ ಜೊತೆಗೆ ತಾಂತ್ರಿಕ, ಗುಮಾಸ್ತೆ, ಮೇಲ್ವಿಚಾರಣೆ, ಮ್ಯಾನೇಜರ್ ಕೆಲಸದವರೂ ಸೇರುತ್ತಾರೆ. ಹಾಗಾಗಿ ಟೆಸ್ಟಿಂಗ್ ಕೆಲಸದ ನೀವೂ ಅದರೊಳಗೇ ಇದ್ದೀರಿ.

ಇದರಿಂದ ಹೊರಗೆ ಉಳಿಯುವವರೂ ಇದ್ದಾರೆ. ಅಪ್ರೆಂಟಿಸ್‌ಗಳು ಉದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ. ಕನ್ಸಲ್ಟೆಂಟ್ ಎಂದು ಒಪ್ಪಂದ ಮಾಡಿಕೊಂಡು, ಪಿಎಫ್ ಇಲ್ಲದೆ, ತಿಂಗಳಿಗೊಂದು ಬಿಲ್ ಕೊಟ್ಟು ಹಣ ಪಡೆಯುವವರದ್ದು ಬೇರೆ ದಾರಿ. ಅವರಿಗೆ ಸಾಮಾನ್ಯವಾಗಿ ವಕೀಲರ ನೋಟಿಸು ಮತ್ತು ಸಿವಿಲ್ ದಾವೆಯೇ ಗತಿ. ನಿಮಗೆ ಪೇಸ್ಲಿಪ್ ಬರುತ್ತಿದೆ ಎಂದ ಮೇಲೆ ಈ ತಕರಾರು ಏಳುವುದು ಕಷ್ಟ. ಆದರೂ ನೇಮಕಾತಿ ಪತ್ರವನ್ನು ಒಮ್ಮೆ ತೆಗೆದು ಓದಿ.

ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೇ ತಾರೀಖು ಮುಗಿಯುವುದರೊಳಗೆ ಕೊಡಬೇಕು. ಅಂದರೆ ನಿಮ್ಮ ಏಪ್ರಿಲ್ ಸಂಬಳ ಮೇ 7ಕ್ಕೆ, ಮೇ ಸಂಬಳ ಜೂನ್ 7ಕ್ಕೆ, ಜೂನ್ ಸಂಬಳ ಜುಲೈ 7ಕ್ಕೆ ಬಾಕಿಯಾಗಿದೆ. ಫಂಡಿಂಗ್ ಬಂದಿಲ್ಲ, ಕ್ಲೈಂಟ್ ದುಡ್ಡು ಕೊಟ್ಟಿಲ್ಲ ಎನ್ನುವುದು ಕಂಪನಿಯ ಕಷ್ಟ. ನಿಜವಾದ ಕಷ್ಟವೇ ಇರಬಹುದು. ಆದರೆ ಅದರಿಂದ ಈ ತಾರೀಖು ಮುಂದಕ್ಕೆ ಹೋಗುವುದಿಲ್ಲ.

ಸಣ್ಣ ಕಂಪನಿಗಳಲ್ಲಿ ಹೀಗಾಗುವುದಕ್ಕೆ ಕಾರಣ ಬಹಳ ಸಲ ಒಂದೇ ಇರುತ್ತದೆ. ಕೈಯಲ್ಲಿ ಇರುವ ಹಣ ಕಡಿಮೆಯಾದಾಗ, ಯಾರು ಮೊದಲು ಬಾಗಿಲು ಮುಚ್ಚುತ್ತಾರೋ ಅವರಿಗೆ ಮೊದಲು ಕೊಡುತ್ತಾರೆ. ಸರ್ವರ್ ಬಿಲ್ ಕಟ್ಟದಿದ್ದರೆ ಪ್ರಾಡಕ್ಟ್ ನಿಲ್ಲುತ್ತದೆ. ಬಾಡಿಗೆ ಕಟ್ಟದಿದ್ದರೆ ಆಫೀಸಿಗೆ ಬೀಗ ಬೀಳುತ್ತದೆ. ಸಂಬಳ ಕೊಡದಿದ್ದರೆ ಮಾತ್ರ ಮರುದಿನವೂ ಎಲ್ಲರೂ ಬಂದು ಲಾಗಿನ್ ಆಗುತ್ತಾರೆ. ಹಾಗಾಗಿ ಸಾಲಿನ ಕೊನೆಗೆ ನಿಲ್ಲುವವರು ನೀವು. ಬಾಯಿಮಾತಲ್ಲಿ ಕೇಳಿದವರು ಆ ಸಾಲಿನಲ್ಲಿ ಮುಂದಕ್ಕೆ ಬರುವುದನ್ನು ನಾನು ಕಂಡಿದ್ದು ಅಪರೂಪ. ತಾರೀಖು ಹಾಕಿ, ಮೊತ್ತ ಬರೆದು ಕೇಳಿದವರು ಬರುತ್ತಾರೆ.

ಕಂಪನಿಗೆ ಇದು ಎರಡು ವಾರದ ಬಿಗಿಯೋ ಅಥವಾ ಮುಳುಗುವ ಲಕ್ಷಣವೋ ತಿಳಿಯಲು ಒಂದು ಕೆಲಸ ಇವತ್ತೇ ಮಾಡಿ. ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಿಮ್ಮ ಪೇಸ್ಲಿಪ್‌ನಲ್ಲಿ 1,800 ಮುರಿದುಕೊಂಡಿದ್ದಾರೆ ಅಂದುಕೊಳ್ಳೋಣ. ಪಾಸ್‌ಬುಕ್‌ನಲ್ಲಿ ಫೆಬ್ರವರಿಯಿಂದಲೇ ಏನೂ ಜಮೆಯಾಗಿಲ್ಲ ಎಂದಾದರೆ, ತೊಂದರೆ ಏಪ್ರಿಲ್‌ನಲ್ಲಿ ಶುರುವಾದದ್ದಲ್ಲ. ಹಾಗೆಯೇ ಗ್ರೂಪ್ ಹೆಲ್ತ್ ಇನ್ಶೂರೆನ್ಸ್ ಇನ್ನೂ ಚಾಲ್ತಿಯಲ್ಲಿದೆಯಾ ಎಂದು ಇನ್ಶೂರೆನ್ಸ್ ಕಂಪನಿಗೇ ಫೋನ್ ಮಾಡಿ ಕೇಳಿ. ಅಕೌಂಟ್ಸ್ ವಿಭಾಗದ ಹಿರಿಯರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರೆ ಅದನ್ನೂ ಗಮನಿಸಿ. ದುಡ್ಡು ಎಷ್ಟಿದೆ ಎಂದು ಗೊತ್ತಿರುವುದು ಅವರಿಗೇ ಅಲ್ವಾ.

ಮೊದಲ ಇಮೇಲ್

ನಿಮ್ಮ ಲೆಕ್ಕ ಹೀಗಿದೆ. ಏಪ್ರಿಲ್ 44,000. ಮೇ ತಿಂಗಳದ್ದು 44,000ರಲ್ಲಿ 20,000 ಬಂದಿದೆ, ಉಳಿದದ್ದು 24,000. ಜೂನ್ 44,000. ಒಟ್ಟು 1,12,000 ರೂಪಾಯಿ. ಇನ್ನು ಮುಂದೆ ಎಲ್ಲ ಕಾಗದದಲ್ಲೂ ಇದೇ ಮೊತ್ತ, ಇದೇ ವಿವರ ಇರಬೇಕು. ಒಂದು ಕಡೆ 1,12,000, ಇನ್ನೊಂದು ಕಡೆ "ಸುಮಾರು ಮೂರು ತಿಂಗಳ ಸಂಬಳ" ಎಂದು ಬರೆದರೆ ಎದುರಿನವರು ಅದನ್ನೇ ಹಿಡಿದು ಎಳೆದಾಡುತ್ತಾರೆ. ಎಚ್‌ಆರ್‌ಎ, ಪ್ರಯಾಣ ಭತ್ಯೆ ಇವು ಬಾಕಿ ಸಂಬಳದ ಲೆಕ್ಕಕ್ಕೆ ಸೇರುತ್ತವೆ. ಇನ್ಸೆಂಟಿವ್, ನೀವು ಕೈಯಿಂದ ಹಾಕಿದ ಖರ್ಚು ಇದ್ದರೆ ಬೇರೆ ಸಾಲಿನಲ್ಲಿ ಬರೆಯಿರಿ. ಅವುಗಳ ಮೇಲೆ ತಕರಾರು ಬಂದರೂ ಸಂಬಳದ ಮೊತ್ತ ಕೆಡಬಾರದು.

ಇಮೇಲನ್ನು ಎಚ್‌ಆರ್‌ಗೆ ಕಳಿಸಿ, ನಿಮ್ಮ ಮ್ಯಾನೇಜರ್ ಮತ್ತು ಒಬ್ಬ ಡೈರೆಕ್ಟರ್‌ಗೆ ಪ್ರತಿ ಹಾಕಿ. ಯಾವ ಭಾಷೆಯಲ್ಲಿ ಬರೆದರೂ ವಿಷಯ ಇಷ್ಟೇ ಇರಲಿ:

"ನನ್ನ ಏಪ್ರಿಲ್ ತಿಂಗಳ ಸಂಬಳ 44,000, ಮೇ ತಿಂಗಳ ಬಾಕಿ 24,000 (ಜೂನ್ 28ರಂದು 20,000 ಬಂದಿದೆ) ಮತ್ತು ಜೂನ್ ತಿಂಗಳ ಸಂಬಳ 44,000, ಒಟ್ಟು 1,12,000 ರೂಪಾಯಿ ಇವತ್ತಿನವರೆಗೆ ನನ್ನ ಖಾತೆಗೆ ಬಂದಿಲ್ಲ. ಈ ಮೂರೂ ತಿಂಗಳು ನಾನು ಪೂರ್ತಿ ಕೆಲಸ ಮಾಡಿದ್ದೇನೆ. ಈ ತಿಂಗಳುಗಳ ಪೇಸ್ಲಿಪ್ ಬಂದಿದೆ, ಹಣ ಬಂದಿಲ್ಲ. ಈ ಮೊತ್ತವನ್ನು ಯಾವ ತಾರೀಖಿಗೆ ಜಮೆ ಮಾಡುತ್ತೀರಿ ಎಂದು ಏಳು ದಿನದೊಳಗೆ ಬರಹದಲ್ಲಿ ತಿಳಿಸಿ."

ಇದರಲ್ಲಿ ಬೈಗುಳ ಇಲ್ಲ, ಬೆದರಿಕೆ ಇಲ್ಲ, ಮನೆಯ ಕಷ್ಟದ ಕತೆಯೂ ಇಲ್ಲ. ಇಎಂಐ, ಅಮ್ಮನ ಆಸ್ಪತ್ರೆ ಖರ್ಚು ಎಲ್ಲ ನಿಜವೇ. ಆದರೆ ಅದನ್ನು ಬರೆದ ಕೂಡಲೇ ಉತ್ತರ "ನಿಮ್ಮ ಕಷ್ಟ ಅರ್ಥವಾಗುತ್ತದೆ" ಎಂದು ಬರುತ್ತದೆ, ಮೊತ್ತದ ಬಗ್ಗೆ ಒಂದಕ್ಷರ ಇರುವುದಿಲ್ಲ. ನಮಗೆ ಬೇಕಾದದ್ದು ಬೇರೆ ಉತ್ತರ. "ಹೌದು, ಬಾಕಿ ಇದೆ, ಜುಲೈ 31ರೊಳಗೆ ಕೊಡುತ್ತೇವೆ" ಎಂಬ ಒಂದು ಸಾಲು. ಆ ಸಾಲು ಕೈಗೆ ಸಿಕ್ಕಿದ ಮೇಲೆ ಮುಂದೆ ಯಾವ ಕಚೇರಿಗೆ ಹೋದರೂ ಬಾಕಿ ಇದೆಯೇ ಇಲ್ಲವೇ ಎಂಬ ವಾದ ಮುಗಿದಂತೆ. ಎಷ್ಟು ಬೇಗ ವಸೂಲಿ ಎಂಬುದು ಮಾತ್ರ ಉಳಿಯುತ್ತದೆ.

ನಿಮ್ಮ ಪೇಸ್ಲಿಪ್ ವಿಷಯ ಇಲ್ಲಿಗೇ ಬರುತ್ತದೆ. ಹಣ ಕೊಡದೆ ಪೇಸ್ಲಿಪ್ ಕೊಡುವುದು ಹಲವರಿಗೆ ಮೋಸದಂತೆ ಕಾಣುತ್ತದೆ. ನಿಮಗೆ ಅದು ಅನುಕೂಲವೇ. ಆ ತಿಂಗಳು ನೀವು ಕೆಲಸ ಮಾಡಿದ್ದೀರಿ, ಇಷ್ಟು ಸಂಬಳ ಆಗಿದೆ ಎಂದು ಕಂಪನಿಯೇ ಬರೆದು ಕೊಟ್ಟ ಹಾಗಾಯಿತು. ಆದರೆ ಅದರಲ್ಲಿ "ಬ್ಯಾಂಕಿಗೆ ಜಮೆಯಾಗಿದೆ" ಎಂದು ತಾರೀಖು ಇದ್ದರೆ ಸುಮ್ನೆ ಬಿಡಬೇಡಿ. ಅದು ಬಂದಿಲ್ಲ ಎಂದು ಇಮೇಲ್‌ನಲ್ಲಿ ಬರೆದು, ಆ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ. ಸಂಬಳ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಸಂಹಿತೆಯ ಪ್ರಕಾರ ಮಾಲೀಕರದ್ದು. ಅದು ನಿಮ್ಮ ತಲೆಯ ಮೇಲೆ ಇಲ್ಲ.

ಈ ಕಾಗದಗಳನ್ನೆಲ್ಲ ಆಫೀಸಿನ ಮೇಲ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಕೆಲಸ ಬಿಟ್ಟ ದಿನ, ಕೆಲವು ಸಲ ಜಗಳವಾದ ದಿನವೇ, ಆ ಅಕೌಂಟ್ ಮುಚ್ಚುತ್ತಾರೆ. ನೇಮಕಾತಿ ಪತ್ರ, ಇನ್ಕ್ರಿಮೆಂಟ್ ಪತ್ರ, ಪೇಸ್ಲಿಪ್, ಸಂಬಳದ ಬಗ್ಗೆ ನೀವು ಬರೆದ ಇಮೇಲ್, ಹಾಜರಾತಿಯ ಪುಟ, ಇವಿಷ್ಟನ್ನು ಡೌನ್‌ಲೋಡ್ ಮಾಡಿ ಅಥವಾ ಪ್ರಿಂಟ್ ತೆಗೆದಿಡಿ. ನಿಮ್ಮದಲ್ಲದ ಫೈಲ್, ಕ್ಲೈಂಟ್ ಡೇಟಾ, ಕೋಡ್ ಇವುಗಳನ್ನು ಮಾತ್ರ ಮುಟ್ಟಬೇಡಿ. ಸಂಬಳದ ಕೇಸು ಡೇಟಾ ಕಳ್ಳತನದ ಕೇಸಾಗಿ ತಿರುಗುವುದು ಅಲ್ಲೇ. ವಾಟ್ಸಾಪ್ ಗ್ರೂಪಿನಲ್ಲಿ ಡೈರೆಕ್ಟರ್ "ಎರಡು ತಿಂಗಳದ್ದೂ 15ಕ್ಕೆ ಕ್ಲಿಯರ್ ಮಾಡ್ತೀವಿ" ಎಂದು ಹಾಕಿದ್ದರೆ ಅದೂ ಸಾಕ್ಷಿ. ಚಾಟ್ ಎಕ್ಸ್‌ಪೋರ್ಟ್ ಮಾಡಿ, ಕೇಸು ಮುಗಿಯುವವರೆಗೆ ಆ ಫೋನ್ ಮಾರಬೇಡಿ.

ಏಳು ದಿನ ಕಳೆದರೆ

ಉತ್ತರ ಬರಲಿಲ್ಲ, ಅಥವಾ ಮತ್ತೆ "ಎರಡು ವಾರ" ಎಂದು ಬಂತು ಎಂದಿಟ್ಟುಕೊಳ್ಳಿ. ಎರಡನೆಯದು ಪತ್ರ. ಕಂಪನಿಯ ನೋಂದಾಯಿತ ಕಚೇರಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ ದಾಖಲೆ ಸಿಗುವ ಹಾಗೆ ಕಳಿಸಿ. ನೀವು ಕೂರುವ ಆಫೀಸೇ ನೋಂದಾಯಿತ ಕಚೇರಿ ಆಗಿರಬೇಕಿಲ್ಲ. mca.gov.in ತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ವಿಳಾಸ, ಡೈರೆಕ್ಟರ್‌ಗಳ ಹೆಸರು ಸಿಗುತ್ತದೆ. ಪತ್ರದಲ್ಲಿ ಮೊದಲ ಇಮೇಲಿನ ತಾರೀಖು, ಅದೇ ಮೊತ್ತ, ಕೊಡಲು 15 ದಿನದ ಗಡುವು, ಆಮೇಲೆ ಕಾರ್ಮಿಕ ಇಲಾಖೆಗೆ ಹೋಗುತ್ತೇನೆ ಎಂಬ ಒಂದು ಸಾಲು ಇದ್ದರೆ ಸಾಕು.

ಇದೇ ಪತ್ರವನ್ನು ವಕೀಲರ ಲೀಗಲ್ ನೋಟಿಸಾಗಿಯೂ ಕಳಿಸಬಹುದು. ಆದರೆ ಲೀಗಲ್ ನೋಟಿಸು ಕಳಿಸದೆ ಲೇಬರ್ ಆಫೀಸಿಗೆ ಹೋಗುವಂತಿಲ್ಲ ಎಂಬುದು ತಪ್ಪು ತಿಳುವಳಿಕೆ. ನೋಟಿಸಿನ ಖರ್ಚು ಭಾರವಾದರೆ ನೀವೇ ಬರೆಯಿರಿ. ನೀವು ಮಹಿಳೆಯಾಗಿದ್ದರೆ, ಅಥವಾ ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ, ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು.

ಈ ಹಂತದಲ್ಲಿ ಒಬ್ಬರೇ ಹೋಗುವುದಕ್ಕಿಂತ ನಾಲ್ಕೈದು ಜನ ಸೇರುವುದು ಒಳ್ಳೆಯದು. ಒಬ್ಬರು ಬರೆದರೆ ಅವರ ಮೇಲೆ "ಪರ್ಫಾರ್ಮೆನ್ಸ್ ಸರಿಯಿಲ್ಲ" ಎಂಬ ಮೇಲ್ ಬರಲು ತಡವಾಗುವುದಿಲ್ಲ. ಐದು ಜನ ಒಟ್ಟಿಗೆ ಸಹಿ ಹಾಕಿದರೆ ಎಲ್ಲರ ಮೇಲೂ ಅದೇ ಆರೋಪ ಹಾಕುವುದು ಕಷ್ಟ. ಆಮೇಲೆ ಕ್ಲೇಮು ಹಾಕುವಾಗಲೂ ಎಷ್ಟು ಜನರಿದ್ದರೂ ಒಂದೇ ಅರ್ಜಿ ಸಾಕು ಎಂದು ಸಂಹಿತೆ ಹೇಳುತ್ತದೆ. ಪ್ರತಿಯೊಬ್ಬರ ಲೆಕ್ಕ ಮಾತ್ರ ಬೇರೆ ಬೇರೆ ಹಾಳೆಯಲ್ಲಿರಲಿ.

ಪತ್ರ ಹೋದ ಮೇಲೆ ಹಲವು ಕಂಪನಿಗಳು ಮಾತಿಗೆ ಕರೆಯುತ್ತವೆ. ಕಂತಿನಲ್ಲಿ ಕೊಡುತ್ತೇವೆ ಎಂದರೆ ಬೇಡ ಎನ್ನಬೇಡಿ, ತಾರೀಖು ಮತ್ತು ಮೊತ್ತ ಬರಹದಲ್ಲಿ ಕೇಳಿ. ಮುಂದಿನ ತಾರೀಖಿನ ಚೆಕ್ ಕೊಟ್ಟರೆ ಇನ್ನೂ ಒಳ್ಳೆಯದು. ಚೆಕ್ ಬೌನ್ಸ್ ಆದರೆ ಅದಕ್ಕೇ ಬೇರೆ ಕಾನೂನಿದೆ. ಬ್ಯಾಂಕಿನಿಂದ ಬೌನ್ಸ್ ಮೆಮೋ ಬಂದ 30 ದಿನದೊಳಗೆ ನೋಟಿಸು ಕೊಡಬೇಕು. ಅದು ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕು. ಚೆಕ್‌ಗೆ ಸಹಿ ಹಾಕಿದ ಡೈರೆಕ್ಟರ್ ಆ ಕೇಸಿನಲ್ಲಿ ಆರೋಪಿಯಾಗುತ್ತಾರೆ. ಬರೀ ಇಮೇಲ್ ಭರವಸೆಗೆ ಆ ಶಕ್ತಿ ಇಲ್ಲ. ಮೂರು ತಿಂಗಳೊಳಗೆ ಚೆಕ್ ಬ್ಯಾಂಕಿಗೆ ಹಾಕಬೇಕು ಎಂಬುದು ನೆನಪಿರಲಿ. "ಈ ವಾರ ಹಾಕಬೇಡಿ, ಪ್ಲೀಸ್" ಎಂದು ತಿಂಗಳುಗಟ್ಟಲೆ ತಳ್ಳಿಸಿಕೊಂಡು ಚೆಕ್ಕಿನ ಅವಧಿಯೇ ಮುಗಿದು ಹೋದವರು ನನ್ನ ಹತ್ತಿರ ಬಂದಿದ್ದಾರೆ.

ಲೇಬರ್ ಆಫೀಸಿನಲ್ಲಿ ಎರಡು ಬಾಗಿಲು

ಬೆಂಗಳೂರಿನಲ್ಲಿ ಕಾರ್ಮಿಕ ಇಲಾಖೆಯ ಮುಖ್ಯ ಜಾಗ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಡೈರಿ ಸರ್ಕಲ್ ಹತ್ತಿರ. ಪ್ರದೇಶಕ್ಕೆ ತಕ್ಕಂತೆ ಇನ್‌ಸ್ಪೆಕ್ಟರ್‌ಗಳು ಬೇರೆ ಬೇರೆ ಇರುತ್ತಾರೆ. ನಿಮ್ಮ ಆಫೀಸು ಯಾರ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲೇ ಕೇಳಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ. ಇಲಾಖೆಯ ಸಹಾಯವಾಣಿ 155214. ನೀವಿರುವ ಮನೆಯ ವಿಳಾಸ ಇಲ್ಲಿ ಲೆಕ್ಕಕ್ಕಿಲ್ಲ, ಕೆಲಸ ಮಾಡುವ ಜಾಗವೇ ಮುಖ್ಯ. ಹೊಸ ಕಾನೂನಿನಲ್ಲಿ ಇನ್‌ಸ್ಪೆಕ್ಟರ್ ಹುದ್ದೆಯ ಹೆಸರು ಬದಲಾಗಿದೆ, ಆದರೆ ಜನರ ಬಾಯಲ್ಲಿ ಅವರು ಇನ್ನೂ ಲೇಬರ್ ಇನ್‌ಸ್ಪೆಕ್ಟರೇ. ಹಳೆಯ ಕಾಯ್ದೆಯ ಹೆಸರಿರುವ ಫಾರಂ ಕೈಗೆ ಕೊಟ್ಟರೆ ಅದರ ಮೇಲೆ ಜಗಳ ಬೇಡ. ತುಂಬಿ ಕೊಡಿ, ಮೇಲಿನ ಪತ್ರದಲ್ಲಿ ವೇತನ ಸಂಹಿತೆ ಎಂದು ಬರೆಯಿರಿ.

ಹೆಚ್ಚಿನವರು ಎಡವುವುದು ಇಲ್ಲಿ. ಇನ್‌ಸ್ಪೆಕ್ಟರ್‌ಗೆ ಕೊಡುವ ದೂರು ಬೇರೆ, ಪ್ರಾಧಿಕಾರದ ಮುಂದೆ ಹಾಕುವ ಕ್ಲೇಮು ಅರ್ಜಿ ಬೇರೆ.

ದೂರು ಕೊಟ್ಟರೆ ಇನ್‌ಸ್ಪೆಕ್ಟರ್ ಕಂಪನಿಯವರನ್ನು ಕರೆಸಬಹುದು, ರಿಜಿಸ್ಟರ್ ಕೇಳಬಹುದು, ಇಬ್ಬರನ್ನೂ ಕೂರಿಸಿ ಮಾತಾಡಿಸಬಹುದು. ಸಣ್ಣ ಕಂಪನಿಗಳ ಎಷ್ಟೋ ಬಾಕಿ ಅಲ್ಲೇ ಚುಕ್ತಾ ಆಗುತ್ತದೆ. ಸರ್ಕಾರಿ ಕಚೇರಿಯಿಂದ ಫೋನ್ ಬಂದಾಗ ಸಾಲಿನ ಕೊನೆಯಲ್ಲಿದ್ದ ಸಂಬಳ ದಿಢೀರ್ ಮುಂದಕ್ಕೆ ಬರುತ್ತದೆ. ಆದರೆ "ಇಂತಿಷ್ಟು ಕೊಡು" ಎಂದು ಜಾರಿ ಮಾಡಬಹುದಾದ ಆದೇಶ ಆ ಮಾತುಕತೆಯಿಂದ ಬರುವುದಿಲ್ಲ. ಕಂಪನಿಯವರು ಮೂರು ಸಲ ಸಮಯ ಕೇಳಿ ನಾಲ್ಕನೇ ಸಲ ಬರದೇ ಹೋದರೆ ಫೈಲು ಹಾಗೇ ಮಲಗುತ್ತದೆ. ದೂರು ಕೊಟ್ಟಾಯಿತಲ್ಲ ಎಂದು ನೀವು ಕಾಯುತ್ತಾ ಕೂರುತ್ತೀರಿ.

ಆದೇಶ ಬೇಕಾದರೆ ಕ್ಲೇಮು ಅರ್ಜಿ ಹಾಕಬೇಕು. ಅದನ್ನು ಕೇಳುವವರು ಸರ್ಕಾರ ನೇಮಿಸಿದ ಗೆಜೆಟೆಡ್ ದರ್ಜೆಯ ಅಧಿಕಾರಿ. ಕ್ಲೇಮು ಹುಟ್ಟಿದ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಹಳೆಯ ಕಾಯ್ದೆಯಲ್ಲಿ ಇದಕ್ಕೆ 12 ತಿಂಗಳಷ್ಟೇ ಇತ್ತು. ಅಧಿಕಾರಿ ಬಾಕಿ ಮೊತ್ತದ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಹಾಕಬಹುದು. "ವರೆಗೂ" ಎನ್ನುವುದನ್ನು ಗಮನಿಸಿ. ನಿಮ್ಮ 1,12,000ಕ್ಕೆ 11 ಲಕ್ಷ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮೇಲಿನ ಮಿತಿ, ಎಷ್ಟು ಎನ್ನುವುದು ಅಧಿಕಾರಿಯ ತೀರ್ಮಾನ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾನೂನಿನಲ್ಲಿದೆ. ಪ್ರಯತ್ನ ಅಷ್ಟೇ, ಅದಕ್ಕಿಂತ ತಡವಾದರೆ ಕೇಸು ಬಿದ್ದು ಹೋಗುವುದಿಲ್ಲ. ಆದೇಶವಾದ ಮೇಲೂ ಕಂಪನಿ ಕೊಡದಿದ್ದರೆ ಅಧಿಕಾರಿ ಜಿಲ್ಲಾಧಿಕಾರಿಗೆ ವಸೂಲಿ ಪ್ರಮಾಣಪತ್ರ ಕಳಿಸುತ್ತಾರೆ. ಆಗ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು.

ನಾನು ಸಾಮಾನ್ಯವಾಗಿ ಹೇಳುವುದು ಹೀಗೆ: ಮೊದಲು ದೂರು ಕೊಡಿ, ಒಂದು ತಿಂಗಳು ನೋಡಿ. ಹಣ ಅಥವಾ ಬರಹದ ಕಂತಿನ ಒಪ್ಪಂದ ಬರದಿದ್ದರೆ ಕ್ಲೇಮು ಹಾಕಿ. ಕಂಪನಿ ಮುಚ್ಚುವ ಲಕ್ಷಣ ಕಂಡರೆ ಆ ಒಂದು ತಿಂಗಳೂ ಬೇಡ.

ದೂರನ್ನು ಕನ್ನಡದಲ್ಲೇ ಬರೆಯಿರಿ, ಒಂದೂವರೆ ಪುಟಕ್ಕಿಂತ ಜಾಸ್ತಿ ಬೇಡ. ಕಂಪನಿಯ ಹೆಸರು, ನೋಂದಾಯಿತ ವಿಳಾಸ, ಕೆಲಸದ ಜಾಗದ ವಿಳಾಸ, ನಿಮ್ಮ ಹುದ್ದೆ, ಸೇರಿದ ತಾರೀಖು, ಬಾಕಿಯ ಲೆಕ್ಕ, ನೀವು ಬರೆದ ಇಮೇಲ್ ಮತ್ತು ಪತ್ರದ ತಾರೀಖು, ಬಂದ ಉತ್ತರ. ಕೆಳಗೆ ದಾಖಲೆಗಳ ಪಟ್ಟಿ. ಎರಡು ಸೆಟ್ ತೆಗೆದುಕೊಂಡು ಹೋಗಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಮತ್ತು ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ. ಸೀಲು ಇಲ್ಲದ ದೂರು ಕೊಟ್ಟಿದ್ದಕ್ಕೆ ಲೆಕ್ಕವಿಲ್ಲ.

ಆನ್‌ಲೈನ್‌ನಲ್ಲಿ ಹುಡುಕಿದರೆ ಸಮಾಧಾನ್ ಎಂಬ ಕೇಂದ್ರ ಸರ್ಕಾರದ ಪೋರ್ಟಲ್ ಸಿಗುತ್ತದೆ. ಅದು ಬ್ಯಾಂಕು, ರೈಲ್ವೆಯಂಥ ಕೇಂದ್ರದ ವ್ಯಾಪ್ತಿಯ ಉದ್ದಿಮೆಗಳಿಗೆ. ನಿಮ್ಮ ಕಂಪನಿ ರಾಜ್ಯದ ವ್ಯಾಪ್ತಿಯದ್ದು. ಅಲ್ಲಿ ದೂರು ಹಾಕಿ ಕಾಯುವುದು ಸಮಯ ಕಳೆದ ಹಾಗೆ. ಪಿಎಫ್ ಕಟ್ಟದ್ದನ್ನು ಮಾತ್ರ ಲೇಬರ್ ಆಫೀಸಿನ ದೂರಿನಲ್ಲಿ ಒಂದು ಸಾಲು ಬರೆದು ಬಿಟ್ಟು, ಬೇರೆಯಾಗಿ epfigms.gov.in ನಲ್ಲಿ ದೂರು ಹಾಕಿ. ಸಂಬಳದಿಂದ ಮುರಿದ ಪಿಎಫ್ ಅನ್ನು ಕಟ್ಟದೆ ಇಟ್ಟುಕೊಳ್ಳುವುದು ನಂಬಿಕೆ ದ್ರೋಹದ ಅಪರಾಧ. ಕಂಪನಿಗಳಿಗೆ ಸಂಬಳದ ನೋಟಿಸಿಗಿಂತ ಪಿಎಫ್ ಕಚೇರಿಯ ನೋಟಿಸಿನ ಭಯ ಜಾಸ್ತಿ.

ಪೊಲೀಸರ ವಿಷಯಕ್ಕೆ ಇದನ್ನು ಹೋಲಿಸಿ ನೋಡಿ. ಬರೀ ಸಂಬಳ ಬಾಕಿ ಎಂದರೆ ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್" ಎನ್ನುತ್ತಾರೆ. ಬೇಸರವಾದರೂ ಅದು ಬಹುಮಟ್ಟಿಗೆ ಸರಿಯೇ. ವಂಚನೆ ಎನ್ನಬೇಕಾದರೆ ಶುರುವಿನಿಂದಲೇ ಕೊಡುವ ಉದ್ದೇಶ ಇರಲಿಲ್ಲ ಎಂದು ತೋರಿಸಬೇಕು. ನಿಮಗೆ ಎರಡು ವರ್ಷ ಸಂಬಳ ಬಂದಿದೆ, ಹಾಗಾಗಿ ಆ ವಾದ ನಿಲ್ಲುವುದಿಲ್ಲ. ಕೆಲಸಕ್ಕೆ ಸೇರಲು ಡೆಪಾಸಿಟ್ ಕಟ್ಟಿಸಿಕೊಂಡು ಮೊದಲ ಸಂಬಳವನ್ನೇ ಕೊಡದ ಕಂಪನಿಯ ಕತೆ ಬೇರೆ.

ರಾಜೀನಾಮೆ ಮತ್ತು ಆ ಲೆಟರ್

ಕೆಲಸ ಬಿಡುವುದೋ ಬೇಡವೋ ಎನ್ನುವುದು ನಿಮ್ಮ ಮನೆಯ ಲೆಕ್ಕ. ನನ್ನ ಅಭಿಪ್ರಾಯ ಕೇಳಿದರೆ, ಪಿಎಫ್ ಸಹ ನಿಂತಿದ್ದರೆ ಹೊಸ ಕೆಲಸ ಹುಡುಕಲು ಇವತ್ತೇ ಶುರು ಮಾಡಿ. ಆದರೆ ಹೇಳದೆ ಕೇಳದೆ ಹೋಗುವುದನ್ನು ನಿಲ್ಲಿಸಬೇಡಿ. ಬಾಕಿ ಇಟ್ಟವರು ಅವರು, ಆದರೂ "ಆಬ್ಸ್‌ಕಾಂಡ್" ಆದವರು ನೀವು ಎಂದು ಕಾಗದ ತಯಾರಾಗುತ್ತದೆ. ಸಂಬಳ ಕೊಡದವರಿಗೆ ನೋಟಿಸ್ ಪೀರಿಯಡ್ ಕೇಳುವ ಹಕ್ಕಿಲ್ಲ ಎನ್ನುತ್ತಾರೆ. ಅದು ಒಳ್ಳೆಯ ವಾದ, ಆದರೆ ವಾದವಷ್ಟೇ. ತಾನಾಗಿಯೇ ಜಾರಿಯಾಗುವ ನಿಯಮವಲ್ಲ. ರಾಜೀನಾಮೆ ಪತ್ರದಲ್ಲಿ "ವೈಯಕ್ತಿಕ ಕಾರಣ" ಎಂದು ಬರೆಯಬೇಡಿ. "1,12,000 ರೂಪಾಯಿ ಸಂಬಳ ಬಾಕಿ ಇರುವುದರಿಂದ ರಾಜೀನಾಮೆ ಕೊಡುತ್ತಿದ್ದೇನೆ, ನೋಟಿಸ್ ಅವಧಿಯಿಂದ ಬೇಗ ಬಿಡಿ" ಎಂದು ಬರೆಯಿರಿ.

ರಾಜೀನಾಮೆಯಾಗಿ ಕೆಲಸ ಬಿಟ್ಟ ಮೇಲೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದು ಸಂಹಿತೆಯಲ್ಲಿದೆ. "ಫುಲ್ ಅಂಡ್ ಫೈನಲ್ ನಮ್ಮ ಪಾಲಿಸಿ ಪ್ರಕಾರ 45 ದಿನ" ಎಂದು ಎಚ್‌ಆರ್ ಹೇಳುವುದು ಕಂಪನಿಯ ಪಾಲಿಸಿ, ಕಾನೂನಲ್ಲ. ಇಲ್ಲಿ ಒಂದು ಅಪಾಯವಿದೆ. ಕೊನೆಯ ದಿನ ಒಂದು ಹಾಳೆ ಮುಂದಿಟ್ಟು "ನನ್ನ ಎಲ್ಲ ಬಾಕಿ ಸಂದಿದೆ, ಇನ್ನು ಯಾವ ಕ್ಲೇಮೂ ಇಲ್ಲ" ಎಂದು ಸಹಿ ಕೇಳುತ್ತಾರೆ, ಸಹಿ ಹಾಕಿದರೆ ರಿಲೀವಿಂಗ್ ಲೆಟರ್ ಕೊಡುತ್ತೇವೆ ಎನ್ನುತ್ತಾರೆ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯ ಇಬ್ಬರು ಸಹೋದ್ಯೋಗಿಗಳ ಕೇಸು ನನ್ನ ಹತ್ತಿರ ಒಟ್ಟಿಗೇ ಬಂದಿತ್ತು. ಒಬ್ಬರು ಆ ಹಾಳೆಗೆ ಹಾಗೇ ಸಹಿ ಹಾಕಿದ್ದರು. ಇನ್ನೊಬ್ಬರು ಸಹಿಯ ಮೇಲೆ "60,000 ಮಾತ್ರ ಬಂದಿದೆ, ಉಳಿದ ಬಾಕಿಯ ಹಕ್ಕು ಉಳಿಸಿಕೊಂಡು" ಎಂದು ಕೈಯಲ್ಲೇ ಬರೆದಿದ್ದರು. ಎರಡನೆಯವರ ಬಾಕಿ ಬೇಗ ಇತ್ಯರ್ಥವಾಯಿತು. ಮೊದಲನೆಯವರು ಒತ್ತಡದಲ್ಲಿ ಸಹಿ ಹಾಕಿದೆ ಎಂದು ಸಾಬೀತು ಮಾಡುವುದರಲ್ಲೇ ತಿಂಗಳುಗಳು ಹೋದವು.

ಇನ್ನು ರಿಲೀವಿಂಗ್ ಲೆಟರ್ ಭಯ. ಅದು ಕೊಡದಿದ್ದರೆ ತೊಂದರೆ ಆಗುವುದು ನಿಜ, ಆದರೆ ದಾರಿ ಮುಚ್ಚುವುದಿಲ್ಲ. ರಾಜೀನಾಮೆ ಇಮೇಲ್, ಅದನ್ನು ಒಪ್ಪಿದ ಉತ್ತರ, ಪೇಸ್ಲಿಪ್, ಫಾರಂ 16, ಪಿಎಫ್ ಸೇವಾ ವಿವರ ಇವನ್ನೆಲ್ಲ ಸೇರಿಸಿ ಕೊಟ್ಟು, ಹಿಂದಿನ ಕಂಪನಿಯಲ್ಲಿ ಸಂಬಳ ಬಾಕಿ ಇದೆ ಎಂದು ಮೊದಲೇ ಹೇಳಿದರೆ ಎಷ್ಟೋ ಎಚ್‌ಆರ್‌ಗಳು ಒಪ್ಪುತ್ತಾರೆ. ಬೆಂಗಳೂರಿನಲ್ಲಿ ಅವರಿಗೆ ಇದು ಹೊಸ ಕತೆಯಲ್ಲ. ಕಂಪನಿಯವರು ಪಿಎಫ್‌ನಲ್ಲಿ ನಿಮ್ಮ ಕೊನೆಯ ದಿನ ನಮೂದಿಸದಿದ್ದರೆ, ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳ ನಂತರ ನೀವೇ ಯುಎಎನ್ ಲಾಗಿನ್‌ನಲ್ಲಿ ನಮೂದಿಸಬಹುದು.

ಲ್ಯಾಪ್‌ಟಾಪ್ ಇಟ್ಟುಕೊಂಡರೆ ಸಂಬಳ ಕೊಡುತ್ತಾರೆ ಎಂಬ ಸಲಹೆ ಬಂದೇ ಬರುತ್ತದೆ. ಬೇಡ. ಕೊಟ್ಟ ವಸ್ತು ವಾಪಸು ಕೊಡದಿದ್ದರೆ ಠಾಣೆಗೆ ಹೋಗಲು ಅವರಿಗೇ ಕಾರಣ ಸಿಗುತ್ತದೆ. ವಾಪಸು ಕೊಟ್ಟು, ಸೀರಿಯಲ್ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ಲಿಂಕ್ಡ್‌ಇನ್‌ನಲ್ಲಿ ಹೆಸರು ಹಾಕಿ ಬರೆಯುವುದನ್ನೂ ಈಗಲೇ ಮಾಡಬೇಡಿ. ಒಂದು ಪದ ಹೆಚ್ಚಾದರೆ ಮಾನನಷ್ಟದ ನೋಟಿಸು ಬರುತ್ತದೆ, ಆಮೇಲೆ ಎರಡು ಕಡೆಯೂ ಮಾತಾಡುವುದು ಆ ಪೋಸ್ಟಿನ ಬಗ್ಗೆಯೇ.

ಕಂಪನಿಯೇ ಮುಳುಗಿದರೆ

"ಎನ್‌ಸಿಎಲ್‌ಟಿಗೆ ಎಳೀತೀವಿ ಅಂತ ನೋಟಿಸು ಕೊಡಿ, ಹೆದರ್ತಾರೆ" ಎಂದು ಕೆಲವರು ಹೇಳಬಹುದು. ಎನ್‌ಸಿಎಲ್‌ಟಿ ಎಂದರೆ ಕಂಪನಿಗಳ ದಿವಾಳಿ ಕೇಸು ಕೇಳುವ ನ್ಯಾಯಮಂಡಳಿ. ದಿವಾಳಿ ಕಾನೂನಿನಲ್ಲಿ ಉದ್ಯೋಗಿಗಳೂ ಸಾಲಗಾರ ಕಂಪನಿಯ ಮೇಲೆ ಅಲ್ಲಿ ಅರ್ಜಿ ಹಾಕಬಹುದು, ಒಟ್ಟಿಗೂ ಹಾಕಬಹುದು. ಆದರೆ ಬಾಕಿ ಕನಿಷ್ಠ 1 ಕೋಟಿ ಇರಬೇಕು. ನಿಮ್ಮ ನಲವತ್ತು ಜನರಿಗೂ ನಿಮ್ಮಷ್ಟೇ ಬಾಕಿ ಇದೆ ಎಂದುಕೊಂಡರೂ 44.8 ಲಕ್ಷವಷ್ಟೇ ಆಗುತ್ತದೆ. ಕಂಪನಿಯ ವಕೀಲರಿಗೆ ಆ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತು.

ಬೇರೆ ಯಾರೋ, ಉದಾಹರಣೆಗೆ ಬ್ಯಾಂಕು, ಅಲ್ಲಿಗೆ ಹೋಗಿ ಅರ್ಜಿ ದಾಖಲಾಗಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಸೇರಿದರೆ ಮಾತ್ರ ಎಲ್ಲ ಬದಲಾಗುತ್ತದೆ. ಆ ದಿನದಿಂದ ಕಂಪನಿಯ ಮೇಲಿನ ವಸೂಲಿ ಕೇಸುಗಳು ನಿಲ್ಲುತ್ತವೆ, ನಿಮ್ಮ ಲೇಬರ್ ಕ್ಲೇಮು ಸಹ. ಆಗ ಆ ಪ್ರಕ್ರಿಯೆ ನಡೆಸಲು ನೇಮಕವಾದ ರೆಸಲ್ಯೂಷನ್ ಪ್ರೊಫೆಷನಲ್ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಅದರಲ್ಲಿ ಹೇಳಿದ ತಾರೀಖಿನೊಳಗೆ ಉದ್ಯೋಗಿಗಳ ಫಾರಂ ಡಿ ತುಂಬಿ ಅವರಿಗೆ ಕ್ಲೇಮು ಕಳಿಸಬೇಕು. ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, "ಬಾಕಿ ಇದೆ" ಎಂದು ಒಪ್ಪಿದ ಆ ಇಮೇಲ್ ಎಲ್ಲವನ್ನೂ ಅದಕ್ಕೆ ಲಗತ್ತಿಸಿ. ಬೆಂಗಳೂರು ಬಿಟ್ಟು ಊರಿಗೆ ಹೋಗಿದ್ದರೂ ಇಮೇಲ್‌ನಲ್ಲೇ ಕಳಿಸಬಹುದು. ಪ್ರಕಟಣೆ ನಿಮ್ಮ ಕಣ್ಣಿಗೆ ಬೀಳದೇ ಹೋಗಬಹುದು, ಆದ್ದರಿಂದ ಕಂಪನಿಯ ಹೆಸರನ್ನು ತಿಂಗಳಿಗೊಮ್ಮೆ ದಿವಾಳಿ ಮಂಡಳಿಯ ತಾಣ ibbi.gov.in ನಲ್ಲಿ ಹುಡುಕಿ ನೋಡುತ್ತಿರಿ.